ಬಕೆಟ್ ಅಕ್ಕನ ತಪಾಸಣೆ

ಕಟ್ಟಿ ಮುಗಿದ ಮನೆಯನ್ನು ಮಾಲೀಕರಿಗೆ ಒಪ್ಪಿಸುವ ಮೊದಲು ಲೋಪ ಹುಡುಕುವುದೇ ಅವಳ ಕೆಲಸ. ಗುತ್ತಿಗೆದಾರರು ಅವಳಿಗೆ ಇಟ್ಟ ಹೆಸರು ಬಕೆಟ್ ಅಕ್ಕ. ಜೀವಕ್ಕೆ ಅಪಾಯವಾಗುವ ಲೋಪ ಮೊದಲ ದರ್ಜೆ, ಬಳಸಲು ತೊಂದರೆ ಕೊಡುವುದು ಎರಡನೆಯದು, ಬರೀ ಕಣ್ಣಿಗೆ ಕೆಟ್ಟದಾಗಿ ಕಾಣುವುದು ಮೂರನೆಯದು. ಮೊದಲೆರಡು ಸರಿಯಾಗದೆ ಅವಳು ಸಹಿ ಹಾಕಿದ್ದನ್ನು ಯಾರೂ ಕಂಡಿಲ್ಲ.

ಅವತ್ತು ಒಂದು ಹೊಸ ಮನೆಯ ಮೇಲಿನ ಮಹಡಿಯಲ್ಲಿ ಗೋಡೆಯ ಮೇಲಿನ ಗೀರು, ಬಣ್ಣದ ಕಲೆ ಎಲ್ಲ ಮೂರನೆಯ ದರ್ಜೆಗೆ ಹೋದವು. ಬಚ್ಚಲಿಗೆ ಬಂದವಳು ನೆಲ ನೋಡಿ, "ಇಳಿಜಾರು ಉಲ್ಟಾ ಇದ್ದಂಗಿದೆ. ಇದು ಎರಡನೇ ದರ್ಜೆ," ಎಂದಳು. ಟೈಲ್ಸ್ ಕಿತ್ತು ಮತ್ತೆ ಹಾಸುವುದನ್ನು ನೆನೆದೇ ಗುತ್ತಿಗೆದಾರನ ಮುಖ ಹುಳ್ಳಗಾಯಿತು.

"ಅಯ್ಯೋ ಅಕ್ಕ, ಕೂದಲೆಳೆಯಷ್ಟು. ಮೂರಕ್ಕೆ ಹಾಕ್ಕೊಳಿ," ಎಂದು ರಾಗ ಎಳೆದ. ಬೂಟು ಹೊರಗೆ ಬಿಟ್ಟು, ಬರೀ ಕಾಲುಚೀಲದಲ್ಲಿ, ಬಚ್ಚಲ ಬಾಗಿಲಾಚೆ ಮಲಗುವ ಕೋಣೆಯಲ್ಲಿ ನಿಂತಿದ್ದ.

ಚೌಕಾಸಿ ಎಂದರೆ ಅವಳಿಗೆ ಮೈಯೆಲ್ಲ ಉರಿ. "ಅಲ್ಲೇ ನಿಂತಿರಪ್ಪ," ಎಂದವಳೇ ಬಕೆಟ್ ನೀರು ಸುರಿದಳು. ನೀರು, ಅದು ಹರಿದು ಹೋಗಬೇಕಾದ ಮೂಲೆಯ ಜಾಲರಿಯತ್ತ ತಿರುಗಿಯೂ ನೋಡದೆ, ನೆಟ್ಟಗೆ ಬಾಗಿಲು ದಾಟಿ ಅವನ ಕಾಲುಚೀಲ ತೋಯಿಸಿತು.

ಅವನು ಕಾಲು ನೋಡಿಕೊಂಡ. ಆಮೇಲೆ ನಕ್ಕುಬಿಟ್ಟ. "ಎರಡೇ ಬರ್ಕೊಳಿ ಅಕ್ಕ."

ಮರುತಪಾಸಣೆಯ ದಿನ ಅವಳು ಬರುವಷ್ಟರಲ್ಲಿ ಅವನೇ ಬಕೆಟ್ ತುಂಬಿಸಿಟ್ಟು, ಹೊಸ ಬಿಳಿ ಕಾಲುಚೀಲ ತೊಟ್ಟು, ಅದೇ ಜಾಗದಲ್ಲಿ ಎದೆಯುಬ್ಬಿಸಿ ನಿಂತಿದ್ದ.

ಅವಳು ಸುರಿದಳು. ನೀರು ಗುಳಗುಳನೆ ಜಾಲರಿಗಿಳಿಯಿತು. ಆದರೂ ಅವಳು ಬಗ್ಗಿ ಕಾಲುಚೀಲ ಮುಟ್ಟಿ ನೋಡಿದಳು. ಆಮೇಲಷ್ಟೇ ಪೆನ್ನು ತೆಗೆದಳು.