ಎರಡು ಪಿ.ಎಫ್. ನಂಬರು, ಒಬ್ಬ ಅಪ್ಪ

ಸಕ್ಕರೆ ಫ್ಯಾಕ್ಟರಿಯ ಗೇಟಿನೊಳಗೆ ನಾನು ಅವನನ್ನು ಅಪ್ಪ ಅನ್ನುತ್ತಿದ್ದೆ. ಗೇಟು ದಾಟಿ ಹೊರಗೆ ಬಂದರೆ ಮಾಮ. ಅವನು ನನ್ನ ತಾಯಿಯ ತಮ್ಮ. ತಾಯಿ ತೀರಿಕೊಂಡಾಗ ನಾನು ಸಣ್ಣವನು. ಸಂಡೂರು ಗುಡ್ಡದ ಬುಡದ ಹಳ್ಳಿಯಲ್ಲಿ ನನ್ನ ತಂದೆ ನನ್ನನ್ನು ಒಂದನೇ ಇಯತ್ತೆಗೆ ಹಾಕಿದ್ದ. ಅವನು ಎರಡನೇ ಮದುವೆಯಾದ ಮೇಲೆ ಮಾಮ ಬಂದು ನನ್ನನ್ನು ಕಂಪ್ಲಿಗೆ ಕರೆದುಕೊಂಡು ಹೋದ. ಹಳ್ಳಿಯ ಶಾಲೆಯ ಸರ್ಟಿಫಿಕೇಟು ನನ್ನ ಜೊತೆಗೇ ಬಂತು, ಅದರಲ್ಲಿದ್ದ ತಂದೆಯ ಹೆಸರೂ ಬಂತು. ತಂದೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಏಳನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಮಾಮ ನಮ್ಮ ಕಡೆಯ ಒಂದು ಸಕ್ಕರೆ ಫ್ಯಾಕ್ಟರಿಯಲ್ಲಿ ಬಾಯ್ಲರ್ ಹತ್ತಿರ ಕೆಲಸಕ್ಕಿದ್ದ. ಅಲ್ಲಿ ಒಂದು ಪದ್ಧತಿ ಇತ್ತು. ಖಾಲಿ ಜಾಗ ಬಿದ್ದರೆ ಕೆಲಸಗಾರರ ಮಕ್ಕಳಿಗೆ ಮೊದಲು. ಅಳಿಯನಿಗೆ, ಅಕ್ಕನ ಮಗನಿಗೆ ಇಲ್ಲ. ಮಾಮನಿಗೆ ಮಕ್ಕಳಿರಲಿಲ್ಲ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ನನ್ನನ್ನು ಹಾಜರಿ ಬರೆಯುವ ಟೈಮ್ ಆಫೀಸಿಗೆ ಕರೆದೊಯ್ದು ಗುಮಾಸ್ತನ ಮುಂದೆ ನಿಲ್ಲಿಸಿ, "ನನ್ನ ಮಗ ಇವ. ಹದಿನೆಂಟು ತುಂಬ್ಯಾವ, ಬರಕೊಳ್ರಿ" ಅಂದ. ನನಗೆ ಹದಿನಾರು. ಸರ್ಟಿಫಿಕೇಟು ಯಾರೂ ಕೇಳಲಿಲ್ಲ. ಬಾಯ್ಲರ್ ಹತ್ತಿರದ ಮನುಷ್ಯನ ಮಾತೇ ಸರ್ಟಿಫಿಕೇಟು. ನನ್ನ ಮೊದಲ ಪಿ.ಎಫ್. ನಂಬರು ಹಾಗೆ ಹುಟ್ಟಿತು. ತಂದೆಯ ಹೆಸರಿನ ಜಾಗದಲ್ಲಿ ಮಾಮ, ನಾಮಿನಿಯ ಜಾಗದಲ್ಲಿ ಮತ್ತೆ ಮಾಮ, ಸಂಬಂಧ 'ತಂದೆ'.

ಆ ದಿನದಿಂದ ಗೇಟಿನೊಳಗೆ ಅಪ್ಪ. ಮೊದಲು ನಾಲಿಗೆ ತಡವರಿಸುತ್ತಿತ್ತು, ಆಮೇಲೆ ರೂಢಿಯಾಯಿತು. ಊಟದ ಡಬ್ಬಿ ತೆಗೆಯುವಾಗ, "ಅಪ್ಪಾ, ಚಟ್ನಿ ಐತಿ ನೋಡು" ಅನ್ನುತ್ತಿದ್ದೆ. ಅವನ ಕಿವಿಗೆ ಆ ಮಾತು ಬಿದ್ದಾಗ ಅವನ ಮುಖ ನೋಡಬೇಕಿತ್ತು. ಬಾಯ್ಲರಿನ ಕಾವಿಗೆ ಕಪ್ಪಗಾದ ಮುಖ, ಅದರಲ್ಲೂ ಗೊತ್ತಾಗುತ್ತಿತ್ತು.

ಆರು ವರ್ಷದ ಮೇಲೆ ಗಣಿಯ ಕಾಲ ಶುರುವಾಯಿತು. ಸಂಡೂರಿನ ಗುಡ್ಡದಿಂದ ಹೊಸಪೇಟೆಯ ದಾರಿಯವರೆಗೆ ಲಾರಿಗಳ ಸಾಲು. ಅದಿರಿನ ಧೂಳಿಗೆ ಮನೆ, ಮರ, ಎಮ್ಮೆ ಎಲ್ಲ ಕೆಂಪು. ಫ್ಯಾಕ್ಟರಿಯಲ್ಲಿ ನಾನು ಪಡೆಯುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚಿನ ಸಂಬಳಕ್ಕೆ ಡ್ರಿಲ್ ಮಷಿನ್ ನಡೆಸುವವರನ್ನು ಕರೆಯುತ್ತಿದ್ದರು. ನಾನು ಹೋದೆ. ಕಲಿತೆ. ಕೈಕೆಲಸದಲ್ಲಿ ದಡ್ಡನಲ್ಲ ನಾನು. ಒಂದು ವರ್ಷದೊಳಗೆ ಇಂಜಿನಿಯರುಗಳೂ ಕಲ್ಲು ಎಲ್ಲಿ ಗಟ್ಟಿ, ಎಲ್ಲಿ ಸಡಿಲು ಎಂದು ನನ್ನನ್ನು ಕೇಳುತ್ತಿದ್ದರು. ಆದರೆ ಅಲ್ಲಿ ಸೇರಿಸಿಕೊಳ್ಳುವಾಗ ವಯಸ್ಸಿಗೆ ಶಾಲೆಯ ಸರ್ಟಿಫಿಕೇಟು ಬೇಕೇ ಬೇಕು ಎಂದರು. ಕಂಪ್ಲಿಯಿಂದ ತಂದು ಕೊಟ್ಟೆ. ಎರಡನೇ ಪಿ.ಎಫ್. ನಂಬರಿನಲ್ಲಿ ಸಂಡೂರು ಹಳ್ಳಿಯ ತಂದೆ ಬಂದು ಕೂತ. ಹುಟ್ಟಿದ ದಿನವೂ ಬೇರೆಯಾಯಿತು. ನನಗೆ ಅದು ಆಗ ಹೊಳೆಯಲೇ ಇಲ್ಲ. ನಾನು ಬದುಕಿರುವಾಗಲೇ ಕಾಗದದಲ್ಲಿ ಇಬ್ಬರು ಆಗಿದ್ದೆ.

ಜೊತೆಯವರು ಕೆಲಸ ಬದಲಿಸಿದಾಗಲೆಲ್ಲ ಹಳೆಯ ಪಿ.ಎಫ್. ತೆಗೆದು ಬೈಕು ಕೊಳ್ಳುತ್ತಿದ್ದರು. ನನಗೂ ಹೇಳಿದರು. ಗಣಿಯ ಟೈಮ್ ಆಫೀಸಿನಲ್ಲಿ ಒಬ್ಬ ವಯಸ್ಸಾದ ಗುಮಾಸ್ತ ಇದ್ದ. ಅವನು ಮಾತ್ರ ಬೇರೆ ಹೇಳಿದ.

"ತೆಗೀಬ್ಯಾಡೋ ತಮ್ಮಾ. ಹತ್ತು ವರ್ಷ ತುಂಬಿದ್ರ ಪಿಂಚಣಿ. ಆ ಆರು ವರ್ಷದ ಪಿಂಚಣಿ ರೊಕ್ಕಾನೂ ತಗೊಂಡು ಬಿಟ್ಟಿ ಅಂದ್ರ, ಆ ವರ್ಷಾನೂ ಹೋದಂಗ. ಈ ಗಣಿ ಇನ್ನ ಎಷ್ಟು ದಿನ ಅಂತ ಯಾರಿಗ್ಗೊತ್ತು? ಎರಡೂ ನಂಬರ್ ಒಂದು ಮಾಡಿಸ್ಕೋ. ಹದಿಮೂರನೇ ನಂಬರ್ ಫಾರಂ ತುಂಬು, ನಾನು ಕಳಸ್ತೀನಿ."

ತುಂಬಿದೆ. ಕಂಪನಿಯ ಸಹಿ, ಮೊಹರಿನ ಜೊತೆ ಅವನು ಪಿ.ಎಫ್. ಕಚೇರಿಗೆ ಕಳಿಸಿದ. ಬಹಳ ದಿನ ಸುದ್ದಿ ಇಲ್ಲ. ಆಮೇಲೆ ಫಾರಂ ವಾಪಸು ಬಂತು. ತಂದೆಯ ಹೆಸರು ತಾಳೆಯಾಗುವುದಿಲ್ಲ, ಹುಟ್ಟಿದ ದಿನ ತಾಳೆಯಾಗುವುದಿಲ್ಲ, ಇಬ್ಬರೂ ಒಬ್ಬನೇ ಎಂದು ಪುರಾವೆ ಕೊಡಿ.

ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಸಂಬಳದ ಸಾಲಿನಲ್ಲಿ ನಿಂತಿದ್ದವನೊಬ್ಬ, "ಏನಲೇ, ಒಬ್ಬ ಸಾಲ್ದು ಅಂತ ಇಬ್ರು ಅಪ್ಪಂದ್ರನ್ನ ಇಟ್ಕೊಂಡೀಯೇನು?" ಅಂದ. ಸಾಲೆಲ್ಲ ನಕ್ಕಿತು. ಆ ದಿನ ಪೂರ್ತಿ ಮಷಿನ್ ಬಿಟ್ಟು ಕೆಳಗಿಳಿಯಲಿಲ್ಲ, ಊಟಕ್ಕೂ.

ಮರುದಿನ ಗುಮಾಸ್ತನಿಗೆ ಒಂದೇ ಮಾತು ಕೇಳಿದೆ. "ಅಣ್ಣಾರ, ಈ ಕಡೀದು ತಿದ್ದಿ ಆ ಕಡೀಗೆ ಹೊಂದಸಾಕ ಬರಲ್ಲೇನು? ಮಾಮನ ಹೆಸರೇ ಇರಲಿ."

"ಶಾಲೀ ಸರ್ಟಿಫಿಕೇಟ್ ಯಾರ ಹೆಸರು ಹೇಳ್ತೈತಿ?"

"ಆ ಮನುಷ್ಯಾಂದು."

"ಹಂಗಾರ ಆ ಮನುಷ್ಯಾನ ನಿನ್ನ ಅಪ್ಪ. ನಿನ್ನ ಮಾಮ ದತ್ತಕ ಪತ್ರ ಏನಾರ ಮಾಡಿಸ್ಯಾನೇನು?"

ಯಾವ ಪತ್ರ? ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ್ದಕ್ಕೆ ಪತ್ರ ಇರುತ್ತದೆಯೇ. ತಿದ್ದಬೇಕಾದದ್ದು ಹಳೆಯ ನಂಬರನ್ನು, ಅದಕ್ಕೆ ಹಳೆಯ ಫ್ಯಾಕ್ಟರಿಯೂ ನಾನೂ ಸೇರಿ ಸಹಿ ಹಾಕಿದ ಜಂಟಿ ಹೇಳಿಕೆ ಬೇಕು, ಜೊತೆಗೆ ನೋಟರಿಯ ಮುಂದೆ ಮಾಡಿದ ಪ್ರಮಾಣ ಪತ್ರ ಬೇಕು ಎಂದು ಗುಮಾಸ್ತ ತಿಳಿಸಿ ಹೇಳಿದ.

ಫ್ಯಾಕ್ಟರಿಗೆ ಹೋದೆ. ಅಲ್ಲಿನ ಸಾಹೇಬ ಹೊಸಬ, ಕೆಟ್ಟವನೇನಲ್ಲ. ಆದರೆ ಕೆಲಸಗಾರನ ಮಗ ಎಂದು ಸೇರಿಸಿಕೊಂಡವನು ಮಗನೇ ಅಲ್ಲ ಎಂದು ತಾನು ಹೇಗೆ ಸಹಿ ಹಾಕುವುದು ಎಂದ. "ನಿಮ್ಮ ಮಾಮಾರನ್ನ ಕರ್ಕೊಂಡು ಬರ್ರಿ. ನಾನು ಇವರ ತಂದೆ ಅಲ್ಲ ಅಂತ ಅವರು ಬರದು ಕೊಡಲಿ. ಆಮ್ಯಾಲ ನಾನು ಹಾಕ್ತೀನಿ."

ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ಮಾಮ ನಿವೃತ್ತನಾಗಿದ್ದ. ಕಂಪ್ಲಿಯಲ್ಲಿ ತಮ್ಮನ ಮಕ್ಕಳ ಜೊತೆ ಇದ್ದ. ನಾನು ಮೂರು ಸಲ ಹೋಗಿ, ಹೇಳಲಾಗದೆ, ಊಟ ಮಾಡಿ ವಾಪಸು ಬಂದೆ. ನಾಲ್ಕನೇ ಸಲ ಅವನೇ ಕೇಳಿದ.

"ಏನೋ ನುಂಗಿಕೊಂಡು ಕುಂತೀಯಲ್ಲೋ. ಉಗುಳು."

ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚಿದ ಮೇಲೂ ಹಚ್ಚುತ್ತಲೇ ಇದ್ದ.

"ಬರದು ಕೊಡ್ಲಿಲ್ಲಂದ್ರ ಏನಾಕ್ಕೈತಿ?"

"ಆರು ವರ್ಷ ಅಲ್ಲೇ ಉಳೀತಾವ. ಗಣಿ ನಿಂತ್ರ ಪಿಂಚಣಿ ಇಲ್ಲ."

"ನಿನ್ನ ಹೆಂಡ್ತಿಗೆ?"

"ಮುಂದ ಆಕಿಗೂ ಇಲ್ಲ."

ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಟ್ಟ. "ನಾಳೆ ಜಲ್ದಿ ಬಸ್ಸಿಗೆ ಹೋಗೂಣು" ಅಂದ.

ಅವನು ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಬಂದ. ಗೇಟಿನ ವಾಚ್‌ಮನ್ ಹಳಬ. "ಏನಣ್ಣಾ, ಮಗನ ಸಂಗಾಟ ಬಂದೀ?" ಅಂದ. ಮಾಮ ತಲೆಯಾಡಿಸಿದ. ಒಳಗೆ ಹೋದ ಮೇಲೆ ನನಗೆ ಅಪ್ಪ ಅನ್ನುವುದೋ ಮಾಮ ಅನ್ನುವುದೋ ತಿಳಿಯಲಿಲ್ಲ. ಎರಡೂ ಅನ್ನದೆ ಅವನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದೆ.

ಟೈಪು ಮಾಡಿದ್ದನ್ನು ಸಾಹೇಬ ಓದಿ ಹೇಳಿದ. ನಾನು ಇವನ ಸೋದರಮಾವ. ನಾನು ಇವನ ತಂದೆಯಲ್ಲ. ನನಗೆ ಮಕ್ಕಳಿಲ್ಲ. ಕೆಲಸಕ್ಕೆ ಸೇರಿಸುವಾಗ ಮಗನೆಂದು ಹೇಳಿದ್ದು ಸರಿಯಲ್ಲ.

ಮಾಮ ಪೆನ್ನು ಹಿಡಿದವನು ನಿಲ್ಲಿಸಿದ. "ಸಾಹೇಬ್ರ, ಹೆತ್ತಿಲ್ಲ ಅಂತ ಬರೀರಿ, ಖರೆ ಐತಿ. ಸಾಕೀನಿ ಅಂತ ಒಂದು ಸಾಲು ಸೇರಸ್ರಿ."

"ಅದು ಇದಕ್ಕ ಬೇಕಾಗಂಗಿಲ್ಲ ಯಜಮಾನ್ರ. ಅವರು ಕೇಳಿದ್ದಕ್ಕಷ್ಟೆ ಉತ್ರ."

"ನಂಗ ಬೇಕಾಗೈತಲ್ರಿ."

ಸಾಹೇಬ ನನ್ನ ಮುಖ ನೋಡಿದ. ಆ ಸಾಲು ಸೇರಿಸಿದರೆ ಮತ್ತೆ ಟೈಪು, ಮತ್ತೆ ಮೊಹರು, ಮತ್ತೆ ತಡ. ನಾನೂ ಸೇರಿಸಿ ಎನ್ನಲಿಲ್ಲ. ಇಷ್ಟು ವರ್ಷವಾದರೂ ಅದು ನನ್ನನ್ನು ಬಿಟ್ಟಿಲ್ಲ. ಮಾಮ ಒಮ್ಮೆ ನನ್ನ ಕಡೆ ನೋಡಿ, ಬಗ್ಗಿ, ಒಂದೊಂದೇ ಅಕ್ಷರವಾಗಿ ಸಹಿ ಹಾಕಿದ. ಅಂಥ ಅಕ್ಷರವನ್ನೇ ಅವನು ನನಗೆ ಸ್ಲೇಟಿನ ಮೇಲೆ ಕಲಿಸಿದ್ದು.

ಗೇಟು ದಾಟಿ ರಸ್ತೆಗೆ ಬಂದ ಮೇಲೆ ನನಗೆ ಮಾತು ಬಂತು. "ಅಪ್ಪಾ, ಚಾ ಕುಡಿಯೂಣೇನು?"

"ಗೇಟು ದಾಟೀವಲ್ಲೋ," ಅಂದ ಅವನು. ನಗುತ್ತಲೇ ಅಂದ. ಚಾ ಕುಡಿದೆವು. ಬಸ್ಸಿನಲ್ಲಿ ಅವನು ನಿದ್ದೆ ಮಾಡಿದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ.

ನಂಬರು ಒಂದಾಯಿತು. ಹಳೆಯ ದುಡ್ಡೂ ಹಳೆಯ ವರ್ಷಗಳೂ ಹೊಸ ನಂಬರಿಗೆ ಬಂದು ಸೇರಿದವು. ಹಳೆಯ ನಾಮಿನಿ ಇನ್ನು ನಡೆಯುವುದಿಲ್ಲ, ಮದುವೆಯಾದವನಿಗೆ ಹೆಂಡತಿ ಮಕ್ಕಳೇ ಎಂದು ಹೊಸದಾಗಿ ಬರೆಸಿದರು. ಕಾಗದವನ್ನು ಮಾಮನಿಗೆ ತೋರಿಸಲು ಒಯ್ದೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿದ.

"ನಂದು ಎಲ್ಲೆರ ಐತೇನೋ?"

"ಇಲ್ಲ ಮಾಮ."

"ಇರ್ಲಿ ಬಿಡು. ನಿಂದು ಕೆಲಸ ಆತಲ್ಲ."

ಮಡಿಸಿ ಕೊಟ್ಟ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವನು ಹೋದ. ನಾನು ಗುಡ್ಡದಿಂದ ಕೆಂಪು ಬಟ್ಟೆಯಲ್ಲೇ ಓಡಿಬಂದೆ. ನಮ್ಮ ಪದ್ಧತಿಯಂತೆ ಹೂಳುವ ಕುಣಿಯಲ್ಲಿ ಅವನನ್ನು ಕೂರಿಸಿದ ಮೇಲೆ ಹಿರಿಯರೊಬ್ಬರು, ಮೊದಲ ಹಿಡಿ ಮಣ್ಣು ಮಗ ಹಾಕಲಿ ಎಂದರು. ನಾನು ಬಗ್ಗಿ ಮಣ್ಣು ಹಿಡಿದಿದ್ದೆ.

"ಮಗ ಎಲ್ಲೈದಾನ್ರಿ?" ಅಂದ ಮಾಮನ ತಮ್ಮನ ದೊಡ್ಡ ಮಗ. ಜೋರಾಗಿ ಅನ್ನಲಿಲ್ಲ, ಜಗಳಕ್ಕೂ ಅನ್ನಲಿಲ್ಲ. "ನಮ್ಮ ದೊಡ್ಡಪ್ಪ ತಾನ ಬರದು ಕೊಟ್ಟಾನ, ನಂಗ ಮಕ್ಕಳಿಲ್ಲಂತ. ಇವಗ ಬೇಕು ಅಂತ ಬರದು ಕೊಟ್ಟಾನ. ನಾವು ಮನೀ ಮಂದಿ, ನಾವು ಹಾಕ್ತೀವಿ."

ಹಿರಿಯರು ನನ್ನನ್ನು ನೋಡಿದರು. ಖರೆ ಏನು ಎಂದು ಕೇಳಿದರು. ನನಗೆ ಯಾರ ಮುಂದೆಯೂ ಕೈ ಚಾಚಿ ಅಭ್ಯಾಸವಿಲ್ಲ, ಹೆಣದ ಮುಂದೆ ವಾದ ಮಾಡುವವನೂ ಅಲ್ಲ. "ಖರೆ ಐತ್ರಿ" ಅಂದೆ. ಪಕ್ಕಕ್ಕೆ ಸರಿದು ನಿಂತೆ. ಅವರೆಲ್ಲ ಹಾಕಿದ ಮೇಲೆ, ನೆಂಟರ ಸಾಲಿನಲ್ಲಿ ನನ್ನ ಸರದಿ ಬಂತು. ಮುಷ್ಟಿಯಲ್ಲಿದ್ದ ಮಣ್ಣು ಆಗಲೇ ಬೆವರಿಗೆ ಗಟ್ಟಿಯಾಗಿತ್ತು, ಬೀಳಲು ತಡವಾಯಿತು.

ಆಮೇಲೆ ಗಣಿಗಳು ನಿಂತವು, ಆ ಗುಮಾಸ್ತ ಹೇಳಿದ ಹಾಗೆ. ಎಷ್ಟೋ ಜನ ಹತ್ತು ವರ್ಷ ತುಂಬದೆ ಬರಿಗೈಯಲ್ಲಿ ಊರಿಗೆ ಹೋದರು. ನನಗೆ ತುಂಬಿತ್ತು. ಮಾಮನ ಆರು ವರ್ಷಗಳನ್ನು ಸೇರಿಸಿಕೊಂಡು ತುಂಬಿತ್ತು. ನಂಬರು ಒಂದಾದ ಆ ಕಾಗದ ಹೆಂಡತಿಯ ಟ್ರಂಕಿನಲ್ಲಿದೆ. ಅದರಲ್ಲಿ ತಂದೆಯ ಹೆಸರಿನ ಮುಂದೆ, ನನಗೆ ಮುಖ ಸರಿಯಾಗಿ ನೆನಪಿಲ್ಲದ ಒಬ್ಬ ಮನುಷ್ಯನ ಹೆಸರಿದೆ.