ನನ್ನ ಪಾಲಿನ ಇನ್ನೂರು ರೂಪಾಯಿ

ಮೊರಬದ ನಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಎಲ್ಲರ ಪಗಾರ ಸರಕಾರದಿಂದ ಬರುತ್ತಿತ್ತು. ನನ್ನೊಬ್ಬಳದು ಮಾತ್ರ ಆಡಳಿತ ಮಂಡಳಿಯಿಂದ, ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ. ಇಪ್ಪತ್ತೈದು ಸಾವಿರ ಮುಟ್ಟಿದವರಿಗೆ ತಿಂಗಳಿಗೆ ಇನ್ನೂರು ವೃತ್ತಿ ತೆರಿಗೆ. ಅದಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. ನನ್ನ ಪಗಾರ ಚೀಟಿಯಲ್ಲಿ ಆ ಸಾಲಿನ ಮುಂದೆ ಸದಾ ಒಂದು ಸೊನ್ನೆ.

ಉಳಿದವರು ಆ ಇನ್ನೂರಕ್ಕೆ ಗೊಣಗುತ್ತಿದ್ದರು. ನನಗೆ ಅದೇ ಬೇಕಿತ್ತು, ನಗಬೇಡಿ. ಪ್ರತಿ ಫೆಬ್ರವರಿಯಲ್ಲಿ ಅವರೆಲ್ಲ ಉದ್ದ ಮೇಜಿನ ಸುತ್ತ ಕೂತು ವರ್ಷದ ಆದಾಯ ತೆರಿಗೆ ಲೆಕ್ಕದ ಹಾಳೆ ತುಂಬುತ್ತಿದ್ದರು, ಒಬ್ಬರದನ್ನೊಬ್ಬರು ಇಣುಕಿ ಕಾಲೆಳೆಯುತ್ತಿದ್ದರು. ನಾನು ಕಿಟಕಿ ಬಾಜು ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹನ್ನೊಂದು ವರ್ಷ ಅವರ ಜೊತೆಗೇ ಅದೇ ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳು ಆ ಮೇಜಿಗೆ ಮಾತ್ರ ಪರಕೀಯಳು. ಅಲ್ಲಿ ಒಂದು ಕುರ್ಚಿಗಾಗಿ ನನ್ನ ಜೀವ ಹಂಬಲಿಸುತ್ತಿತ್ತು.

ಕಳೆದ ವರ್ಷ ಮಂಡಳಿಯವರು ಸಾವಿರ ಏರಿಸಲು ಒಪ್ಪಿದರು. ಏಪ್ರಿಲ್ ಚೀಟಿ ನೋಡಿದರೆ ಇಪ್ಪತ್ನಾಲ್ಕು ಸಾವಿರದ ಒಂಬೈನೂರು, ತೆರಿಗೆ ಸೊನ್ನೆ. ಹಿರಿಯ ಗುಮಾಸ್ತರ ಬಳಿ ಓಡಿದೆ.

"ಕಾಕಾರ, ಇದೇನ್ರಿ?"

"ನಿಮ್ಮ ಚಲೋದಕ್ಕ ಮಾಡೇನ್ರಿ ಅಕ್ಕಾರ. ಇಪ್ಪತ್ತೈದು ಮಾಡಿದ್ರ ಇನ್ನೂರು ಕಟ್ ಆಗಿ ಕೈಗೆ ಇಪ್ಪತ್ನಾಕ್ ಸಾವಿರದ ಎಂಟ್ನೂರು ಬರ್ತಿತ್ತು. ಈಗ ಒಂಬೈನೂರು. ಮಂಡಳಿಯವರನ್ನ ಕೇಳೇ ನೂರು ಇಳಿಸೇನಿ."

ಅವರ ಮುಖದಲ್ಲಿ ಹೆಮ್ಮೆ. ಬೈಯಲೂ ಬಾರದ ಉಪಕಾರ.

"ಪೂರಾ ಇಪ್ಪತ್ತೈದು ಮಾಡ್ರಿ. ಇನ್ನೂರು ಕಟ್ ಮಾಡ್ರಿ."

"ತಿಂಗಳಾ ನೂರು ಕಮ್ಮಿ ಬರ್ತದ್ರಿ. ಊರಿಗೊಂದು ದಾರಿ ಆದ್ರ..." ಎಂದವರು ಗಾದೆಯ ಉಳಿದರ್ಧ ನುಂಗಿಕೊಂಡರು. ಆದರೆ ಅದೇ ತಿಂಗಳು ಸರಿಪಡಿಸಿದರು.

ಹನ್ನೊಂದು ತಿಂಗಳು ಇನ್ನೂರು, ಫೆಬ್ರವರಿಗೆ ಮುನ್ನೂರು. ವರ್ಷಕ್ಕೆ ಎರಡೂವರೆ ಸಾವಿರ. ಈ ಫೆಬ್ರವರಿ ನಾನೂ ಒಂದು ಹಾಳೆ ಇಸಕೊಂಡು ಮೇಜಿಗೆ ಕೂತೆ. ಆದಾಯ ತೆರಿಗೆಯ ಹೊಸ ಪದ್ಧತಿ ಹಿಡಿದರೆ ವೃತ್ತಿ ತೆರಿಗೆ ಕಳೆಯಲು ಬರುವುದಿಲ್ಲ, ಹಳೆಯದರಲ್ಲಿ ಬರುತ್ತದೆ, ನಿಮಗಂತೂ ಎರಡರಲ್ಲೂ ತೆರಿಗೆ ಬೀಳುವುದಿಲ್ಲ ಎಂದರು ಗುಮಾಸ್ತರು. ಹಟ ಮಾಡಿ ಹಳೆಯದನ್ನೇ ಆರಿಸಿದೆ. ವರ್ಷದ ಪಗಾರ ಮೂರು ಲಕ್ಷದಲ್ಲಿ ಎಲ್ಲರಿಗೂ ಸಿಗುವ ಐವತ್ತು ಸಾವಿರದ ವಿನಾಯಿತಿ ಕಳೆದೆ. ಆಮೇಲೆ, ಅಕ್ಷರ ದುಂಡಗೆ ಬರಲೆಂದು ನಿಧಾನವಾಗಿ, ವೃತ್ತಿ ತೆರಿಗೆ ಎರಡು ಸಾವಿರದ ಐನೂರು ಎಂದು ಬರೆದು ಕಳೆದೆ. ಉಳಿದದ್ದು ಎರಡು ಲಕ್ಷ ನಲವತ್ತೇಳು ಸಾವಿರದ ಐನೂರು. ತೆರಿಗೆ ಬೀಳದ ಎರಡೂವರೆ ಲಕ್ಷದ ಮಿತಿಯ ಒಳಗೇ ಇತ್ತು.

ಪಕ್ಕದ ವಿಜ್ಞಾನದ ಮಾಸ್ತರರು ಇಣುಕಿದರು. "ನಮ್ಮ ರಕ್ತಾ ಹೀರಾಕತ್ತಾರ, ನೀವು ಆರಾಮದೀರಿ ಬಿಡ್ರಿ."

ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ, ಕಣ್ಣು ತುಂಬಿ ಬಂದವು.

ಗುಮಾಸ್ತರು ಹಾಳೆಗಳನ್ನು ಒಟ್ಟುಗೂಡಿಸಿ ನನ್ನದನ್ನು ಮಾತ್ರ ತಿರುಗಿ ಕೊಟ್ಟರು. "ತೆರಿಗಿನ ಇಲ್ಲಲ್ರಿ ಅಕ್ಕಾರ, ಇದು ಫೈಲಿಗೆ ಬ್ಯಾಡ. ನೀವ ಇಟ್ಕೊಳ್ರಿ."

ನಾನು ಕೈ ಚಾಚಲಿಲ್ಲ. "ಅವರದರ ಜೋಡಿ ಇರ್ಲಿ ಕಾಕಾರ," ಎಂದೆ.

ಅವರು ಹಾಳೆಗೆ ಎರಡು ತೂತು ಹೊಡೆದು, ಎಲ್ಲರದರ ನಡುವೆ ಸೇರಿಸಿ ದಾರ ಬಿಗಿದರು.