ಮುಚ್ಚಳ ಬಿಗಿದ ಡ್ರಮ್ಮು

ಬರದ ವರ್ಷ ಔರಾದಿನಿಂದ ಕುರಿ ಹೊಡೆದುಕೊಂಡು ಬಂದು ಕಮಠಾಣದ ಬೀಳು ಹೊಲದಲ್ಲಿ ಬೀಡುಬಿಟ್ಟಿದ್ದೆವು. ಬೀದರಿನ ನಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಹನಿಯೂ ಆರಿ ಹೋಗಬಾರದೆಂದು ಅಪ್ಪ ಡ್ರಮ್ಮನ್ನು ಕಂಠದವರೆಗೆ ತುಂಬಿಸಿ, ಮುಚ್ಚಳ ಬಿಗಿದು, ಮೇಲೆ ಕಲ್ಲು ಹೇರುತ್ತಿದ್ದ. ಒಂದು ದಿನ ಕ್ಲೋರಿನ್ ಹೆಚ್ಚು ಬಿದ್ದಿತ್ತೋ ಏನೋ, ಡ್ರಮ್ಮು ತೆರೆದು ಬೋಗುಣಿಗೆ ಸುರಿದ ಕೂಡಲೇ ಅದರ ವಾಸನೆ ಮೂಗಿಗೆ ಹೊಡೆಯಿತು. ಬಾಯಾರಿ ಏದುಸಿರು ಬಿಡುತ್ತಿದ್ದ ಕುರಿಗಳು ಮೂಸಿ ಹಿಂದೆ ಸರಿದವು. ಅಪ್ಪ ಒಂದರ ಮೂತಿಯನ್ನು ನೀರಿಗೆ ಒತ್ತಿದ. ಅದು ಸೀನಿ ಕೊಸರಿಕೊಂಡಿತು.

ಅವ್ವ ರೇಗಿದಳು: “ನಾ ಒಲಿ ಮ್ಯಾಲ ಕುದಿಸಿದ್ರ ಆ ಗ್ಯಾಸು ಲಗೂನ ಹಾರಿ ಹೋಗ್ತದ. ತೆರೆದಿಟ್ರೂ ಹೋಗ್ತದ, ತಡಾ ಆಗ್ತದ ಅಷ್ಟ. ನೀವು ಹಿಂಗ ಬಾಯಿ ಬಿಗಿದ್ರ ಅದು ಎಲ್ಲಿಂದ ಹೋಗಬೇಕ್ರಿ?”

ಹಿಂಡಿಗಾಗುವಷ್ಟು ನೀರು ಕುದಿಸಲು ಕಟ್ಟಿಗೆ ಎಲ್ಲಿತ್ತು? ಪಕ್ಕದ ಹೊಲದವರ ಬೆಲ್ಲದ ಕಡಾಯಿ ಬೇಡಿ ತಂದು, ಇದ್ದ ನೀರನ್ನೆಲ್ಲ ಅದಕ್ಕೆ ಸುರಿದೆವು. ಅಗಲವಾಗಿ ಗಾಳಿಗೆ ತೆರೆದುಕೊಂಡ ಆ ನೀರನ್ನು ಅವ್ವ ಹಗಲಿಡೀ ಚೆಂಬಿನಿಂದ ಎತ್ತಿ ಎತ್ತಿ ಸುರಿದಳು. ಕಣ್ಣೆದುರೇ ನೀರು ಆರುವುದನ್ನು ನೋಡಲಾರದೆ ಅಪ್ಪ ಮುಖ ತಿರುಗಿಸಿ ಕೂತ. ಸಂಜೆಗೆ ವಾಸನೆ ಹೋಗಿತ್ತು. ಕುರಿಗಳು ಕಡಾಯಿಯ ತಳ ನೆಕ್ಕುವವರೆಗೂ ಕುಡಿದವು.

ಮರುದಿನ ಟ್ಯಾಂಕರ್ ಬರಲಿಲ್ಲ. ಅಪ್ಪ ಖಾಲಿ ಡ್ರಮ್ಮಿಗೇ ಮುಚ್ಚಳ ಬಿಗಿದು, ಮೇಲೆ ಕಲ್ಲು ಹೇರಿದ.